ಕತ್ತರಿ ಹಿಡಿಯುವ ಮುನ್ನ ಒಂದು ಪಟ್ಟಿ

ಕನಕಪುರ ರಸ್ತೆಯ ಪಕ್ಕದಲ್ಲಿರುವ ನಮ್ಮ ವಸತಿ ಸಮುಚ್ಚಯದ ಸೂಚನಾ ಫಲಕಕ್ಕೆ ಬರೆಯುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಒಮ್ಮೆ ಸಂಪ್ ಸ್ವಚ್ಛಗೊಳಿಸುವ ಬಗ್ಗೆ ಸಂಘದಿಂದ ಒಂದು ಪುಟದ ಪತ್ರ ಬಂದಿತ್ತು. ಅದನ್ನು ನಾಲ್ಕು ಸಾಲಿಗೆ ಇಳಿಸಿ ಅಂಟಿಸಿದೆ. ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೀರು ಇರುವುದಿಲ್ಲ ಎಂಬುದು ಅದರಲ್ಲಿತ್ತು, ಕಾರಣವೂ ಇತ್ತು, ಸಹಕರಿಸಿ ಎಂಬ ವಿನಂತಿಯೂ ಇತ್ತು. ‘ಬಿ ಬ್ಲಾಕಿಗೆ ಮಾತ್ರ’ ಎಂಬ ಮೂರೇ ಪದಗಳು ಎಲ್ಲೋ ಬಿದ್ದುಹೋಗಿದ್ದವು. ಶನಿವಾರ ಬೆಳಿಗ್ಗೆ ಎಲ್ಲ ಬ್ಲಾಕುಗಳವರೂ ಬಕೆಟ್, ಡ್ರಮ್, ಅಡುಗೆಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಸಿಕೊಂಡರು. ಒಂಬತ್ತು ಗಂಟೆಯ ಹೊತ್ತಿಗೆ ಮೇಲಿನ ಟ್ಯಾಂಕುಗಳು ಬರಿದಾಗಿ, ನೀರು ನಿಲ್ಲಬೇಕಿಲ್ಲದ ಬ್ಲಾಕುಗಳಲ್ಲಿಯೂ ನೀರು ನಿಂತಿತು.

ಆ ನಾಲ್ಕು ಸಾಲುಗಳನ್ನು ನಾನು ಅಂಟಿಸುವ ಮುನ್ನ ಮೂರು ಬಾರಿ ಓದಿದ್ದೆ. ಓದಿದಾಗಲೆಲ್ಲ ಸರಿಯಾಗಿಯೇ ಕಂಡಿತ್ತು. ಬಿ ಬ್ಲಾಕಿನ ವಿಷಯ ನನ್ನ ತಲೆಯಲ್ಲಿ ಇದ್ದುದರಿಂದ ಕಾಗದದ ಮೇಲೆ ಇಲ್ಲದಿರುವುದು ನನ್ನ ಕಣ್ಣಿಗೆ ಬೀಳಲಿಲ್ಲ. ಸಂಕ್ಷೇಪ ಮಾಡುವವರಿಗೆಲ್ಲ ಇರುವ ತೊಂದರೆ ಇದು. ಮೂಲವನ್ನು ಓದಿದವರು ಸಂಕ್ಷೇಪವನ್ನು ಓದುವಾಗ ಬಿಟ್ಟುಹೋದದ್ದನ್ನು ತಾವೇ ತುಂಬಿಕೊಂಡು ಓದುತ್ತಾರೆ. ಆದ್ದರಿಂದ ಉಳಿಯಲೇಬೇಕಾದ ಸಂಗತಿಗಳು ಯಾವುವು ಎಂಬುದು ತಲೆಯಲ್ಲಿ ಇದ್ದರೆ ಸಾಲದು, ಬೇರೆ ಕಾಗದದಲ್ಲಿ ಬರೆದಿರಬೇಕು. ಅದನ್ನು ಒಂದು ಪದವನ್ನೂ ತೆಗೆಯುವ ಮೊದಲೇ ಬರೆದಿರಬೇಕು. ಕತ್ತರಿಸಲು ತೊಡಗಿದ ಮೇಲೆ ಬರೆದ ಪಟ್ಟಿಯಲ್ಲಿ ನಾವು ಆಗಲೇ ಉಳಿಸಿಕೊಂಡದ್ದೇ ಮುಖ್ಯವೆಂದು ಸೇರಿಕೊಳ್ಳುತ್ತದೆ, ತೆಗೆದುಹಾಕಿದ್ದು ಮುಖ್ಯವಲ್ಲವೆಂದು ತೋರುತ್ತದೆ.

ಈ ಪಟ್ಟಿಯನ್ನು ಬರೆಯುವುದು ಹೇಗೆ, ಅದನ್ನೇ ಹಿಡಿದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಹೇಗೆ ಎಂಬುದನ್ನು ನಾನು ಇತ್ತೀಚೆಗೆ ಮಾಡಿದ ಒಂದು ಕೆಲಸವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ನಮ್ಮ ಸಮುಚ್ಚಯದ ಮಕ್ಕಳು ನೀರಿನ ಬಗ್ಗೆ ಒಂದು ಚಿಕ್ಕ ಪ್ರದರ್ಶನ ಏರ್ಪಡಿಸಿದ್ದರು. ಅದರ ಮೊದಲ ಫಲಕಕ್ಕೆ, ಬೆಂಗಳೂರಿನ ನೀರಿನ ಇತಿಹಾಸದ ಕುರಿತ ಒಂದು ಬರಹವನ್ನು 40 ಪದಗಳಿಗೆ ಇಳಿಸಿ ಕೊಡಬೇಕೆಂದು ಸಂಘದ ಕಾರ್ಯದರ್ಶಿಯವರು ಕೇಳಿದರು. ಮೂಲ ಬರಹ ಹೀಗಿತ್ತು:

> ಬೆಂಗಳೂರಿನ ಹತ್ತಿರ ಯಾವ ದೊಡ್ಡ ನದಿಯೂ ಹರಿಯುವುದಿಲ್ಲ. ಶತಮಾನಗಳ ಕಾಲ ಊರಿನ ಜನ ಕೆರೆ ಮತ್ತು ಬಾವಿಗಳ ನೀರನ್ನೇ ನಂಬಿ ಬದುಕಿದರು. ಊರು ಬೆಳೆದಂತೆ ಅದು ಸಾಲದಾಯಿತು. 1894ರಲ್ಲಿ ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ನಿರ್ಮಾಣವಾಯಿತು. ಆಗ ಕೆ. ಶೇಷಾದ್ರಿ ಅಯ್ಯರ್ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅದೂ ಸಾಲದಾದಾಗ 1930ರ ದಶಕದಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, ಎರಡನೆಯ ಜಲಾಶಯ ಎದ್ದಿತು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚನೆಯಾಯಿತು. 1974ರಲ್ಲಿ ಕಾವೇರಿಯ ನೀರು ಮೊದಲ ಬಾರಿಗೆ ನಗರಕ್ಕೆ ಬಂತು. ಕಾವೇರಿ ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ, ಮಾತ್ರವಲ್ಲ, ನಗರಕ್ಕಿಂತ ತಗ್ಗಿನಲ್ಲಿದೆ. ಆದ್ದರಿಂದ ನೀರನ್ನು ಪಂಪುಗಳ ಮೂಲಕ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಈ ಕೆಲಸ ನಡೆಯುತ್ತದೆ. ಇದಕ್ಕೆ ಅಪಾರ ವಿದ್ಯುತ್ ಬೇಕು. 2007ರಲ್ಲಿ ನಗರಪಾಲಿಕೆಗೆ 110 ಹಳ್ಳಿಗಳು ಸೇರಿದವು. ಈ ಹಳ್ಳಿಗಳಲ್ಲಿ ಬಹುಪಾಲು ಜನ ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ಅವಲಂಬಿಸಿದ್ದರು. ಮುಖ್ಯವಾಗಿ ಇವುಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವುದು ಅದರ ಸಾಮರ್ಥ್ಯ.

ಇದು 123 ಪದ. ಬರಹದಲ್ಲಿ ಸಡಿಲವಾದ ವಾಕ್ಯಗಳು ಹೆಚ್ಚಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಇದು ತಕ್ಕದ್ದು: ಏನನ್ನು ತೆಗೆದರೂ ಏನೋ ಒಂದು ಹೋಗಿಯೇ ಹೋಗುತ್ತದೆ.

ಪಟ್ಟಿಯ ತಲೆಯಲ್ಲಿ ಓದುಗರನ್ನು ಬರೆಯಿರಿ

ಪಟ್ಟಿಯ ಮೊದಲ ಸಾಲು ಸಂಗತಿಯಲ್ಲ. ಇದನ್ನು ಯಾರು, ಎಲ್ಲಿ ನಿಂತು ಓದುತ್ತಾರೆ, ಓದಿದ ಮೇಲೆ ಅವರಿಗೆ ಏನು ತಿಳಿದಿರಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ನಾನು ಬರೆದದ್ದು ಇದು: ‘ಲಿಫ್ಟಿಗಾಗಿ ಕಾಯುತ್ತ ಅರ್ಧ ನಿಮಿಷ ನಿಲ್ಲುವ ನಿವಾಸಿಗೆ, ತನ್ನ ನಲ್ಲಿಯ ನೀರು ಎಲ್ಲಿಂದ ಬರುತ್ತದೆ ಮತ್ತು ಅದನ್ನು ತರುವುದು ಏಕೆ ಕಷ್ಟ ಎಂಬುದು ತಿಳಿಯಬೇಕು.’

ಈ ವಾಕ್ಯವಿಲ್ಲದೆ ಯಾವ ಸಂಗತಿ ಮುಖ್ಯ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಇದೇ ಬರಹವನ್ನು ಆಡಳಿತದ ಇತಿಹಾಸ ಓದುವ ವಿದ್ಯಾರ್ಥಿಗಾಗಿ ಇಳಿಸುವುದಾದರೆ ಮಂಡಳಿ ರಚನೆಯಾದ 1964 ಪಟ್ಟಿಯ ಮೊದಲಿಗೇ ಬರುತ್ತಿತ್ತು. ಲಿಫ್ಟಿನ ಮುಂದೆ ನಿಂತವರಿಗೆ ಅದು ಬೇಕಿಲ್ಲ.

ಮೂಲವನ್ನು ಮುಚ್ಚಿಟ್ಟು ಬರೆಯಿರಿ, ತೆರೆದಿಟ್ಟು ತಿದ್ದಿರಿ

ಮೂಲವನ್ನು ಎರಡು ಬಾರಿ ನಿಧಾನವಾಗಿ ಓದಿ ಮಗುಚಿ ಇಡಿ. ನೆನಪಿನಿಂದ, ಒಂದು ಸಾಲಿಗೆ ಒಂದು ಸಂಗತಿಯಂತೆ ಬರೆಯಿರಿ. ತೆರೆದಿಟ್ಟುಕೊಂಡೇ ಬರೆದರೆ ಕೈ ಮೂಲದ ವಾಕ್ಯಗಳ ಹಿಂದೆಯೇ ಹೋಗಿ, ಪಟ್ಟಿ ಮೂಲದಷ್ಟೇ ಉದ್ದವಾಗುತ್ತದೆ. ಮುಚ್ಚಿಟ್ಟು ಬರೆದಾಗ ಮನಸ್ಸಿಗೆ ತಟ್ಟಿದ್ದು ಮಾತ್ರ ಬರುತ್ತದೆ.

ಆದರೆ ನೆನಪು ಸಂಗತಿಯ ದೇಹವನ್ನು ತರುತ್ತದೆ, ಅದರ ಷರತ್ತುಗಳನ್ನು ತರುವುದಿಲ್ಲ. ನನ್ನ ಮೊದಲ ಪಟ್ಟಿಯಲ್ಲಿ ‘ಕಾವೇರಿ 100 ಕಿಲೋಮೀಟರ್ ದೂರ’ ಎಂದಿತ್ತು, ‘ಐದನೆಯ ಹಂತ 77.5 ಕೋಟಿ ಲೀಟರ್’ ಎಂದಿತ್ತು. ಎರಡನೆಯ ಸುತ್ತಿನಲ್ಲಿ ಮೂಲವನ್ನು ತೆರೆದು, ಪ್ರತಿ ಸಾಲಿನ ಎದುರು ಅದಕ್ಕೆ ಅಂಟಿಕೊಂಡಿರುವ ಷರತ್ತನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಕನ್ನಡದಲ್ಲಿ ಈ ಷರತ್ತುಗಳು ಬಹುತೇಕ ಚಿಕ್ಕಪುಟ್ಟ ಪದಗಳಲ್ಲಿಯೇ ಕುಳಿತಿರುತ್ತವೆ: ಸುಮಾರು, ಮಾತ್ರ, ವರೆಗೆ, ಮುಖ್ಯವಾಗಿ, ಆದ್ದರಿಂದ, ಇದ್ದರೆ. ಕೆಲವೊಮ್ಮೆ ಪದದ ಬಾಲದಲ್ಲಿರುವ ಒಂದು ‘ಊ’ ಅಥವಾ ‘ಏ’ ಷರತ್ತಾಗಿರುತ್ತದೆ. ‘ಅವರೂ ಬರಬಹುದು’ ಎಂಬುದಕ್ಕೂ ‘ಅವರೇ ಬರಬಹುದು’ ಎಂಬುದಕ್ಕೂ ಎಷ್ಟು ಅಂತರವಿದೆ ಎಂದು ನೋಡಿ. ಪದಗಳನ್ನು ಎಣಿಸುವ ಕಣ್ಣಿಗೆ ಇವು ಬೀಳುವುದಿಲ್ಲ, ಸಂಕ್ಷೇಪದಲ್ಲಿ ಮೊದಲು ಉದುರುವುದೂ ಇವೇ.

ಇನ್ನು ಆಯ್ಕೆ. ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಇದು ಬಿಟ್ಟುಹೋದರೆ ಓದುಗರು ಏನನ್ನು ತಪ್ಪಾಗಿ ತಿಳಿಯುತ್ತಾರೆ ಅಥವಾ ತಪ್ಪಾಗಿ ಮಾಡುತ್ತಾರೆ? ಆ ತಪ್ಪನ್ನು ನೀವು ಹೆಸರಿಸಬಲ್ಲಿರಾದರೆ ಸಾಲು ಉಳಿಯಬೇಕು. ‘ತಿಳಿದಿದ್ದರೆ ಚೆನ್ನಾಗಿತ್ತು’ ಎಂಬ ಉತ್ತರ ಮಾತ್ರ ಬಂದರೆ, ಕಾಗದದ ಹಿಂಬದಿಯಲ್ಲಿ ‘ಬಿಡಬಹುದಾದದ್ದು’ ಎಂಬ ಇನ್ನೊಂದು ಪಟ್ಟಿಗೆ ಅದನ್ನು ಕಳುಹಿಸಿ. ಈ ಹಿಂಬದಿಯ ಪಟ್ಟಿಯೂ ಬೇಕು. ಏನನ್ನು ಗೊತ್ತಿದ್ದು ಬಿಟ್ಟೆವು, ಏನು ತಾನಾಗಿ ಬಿದ್ದುಹೋಯಿತು ಎಂಬ ಎರಡನ್ನೂ ಆಮೇಲೆ ಬೇರ್ಪಡಿಸಲು ಬೇರೆ ದಾರಿಯಿಲ್ಲ.

ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹಿಂಬದಿಗೆ ಕಳುಹಿಸುವುದು ನನಗೆ ಸುಲಭವಾಗಲಿಲ್ಲ. ಶೇಷಾದ್ರಿಪುರಕ್ಕೆ ಹೆಸರು ಬಂದದ್ದು ಅವರಿಂದಲೇ. ಆದರೆ ಅವರ ಹೆಸರಿಲ್ಲದಿದ್ದರೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಹಾರೋಹಳ್ಳಿ, ತಾತಗುಣಿಗಳ ಮಾತೂ ಅಷ್ಟೆ. ನಮ್ಮ ರಸ್ತೆಯಲ್ಲಿಯೇ ಮುಂದೆ ಸಿಗುವ ಊರುಗಳು, ಓದುವವರಿಗೆ ಖುಷಿಯಾಗುತ್ತಿತ್ತು. ಆದರೂ ಅವು ಹಿಂಬದಿಗೇ ಹೋದವು. ಕೊನೆಗೆ ಉಳಿದ ಪಟ್ಟಿ ಇದು:

1. ಬೆಂಗಳೂರಿನ ಹತ್ತಿರ ದೊಡ್ಡ ನದಿ ಇಲ್ಲ.
2. ಹೆಸರಘಟ್ಟ 1894, ತಿಪ್ಪಗೊಂಡನಹಳ್ಳಿ 1930ರ ದಶಕ. ಎರಡೂ ಅರ್ಕಾವತಿಯ ಜಲಾಶಯಗಳು.
3. ಕಾವೇರಿ ನೀರು ಮೊದಲು ಬಂದದ್ದು 1974ರಲ್ಲಿ.
4. ಕಾವೇರಿ ಸುಮಾರು 100 ಕಿಲೋಮೀಟರ್ ದೂರ, ನಗರಕ್ಕಿಂತ ತಗ್ಗು. ಆದ್ದರಿಂದ ಪಂಪುಗಳಿಂದ ಸುಮಾರು 500 ಮೀಟರ್ ಏರಿಸಬೇಕು.
5. ಐದನೆಯ ಹಂತ ಮುಖ್ಯವಾಗಿ 2007ರಲ್ಲಿ ನಗರಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ಚಾಲನೆ 2024ರ ಅಕ್ಟೋಬರ್.
6. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ನಾಲ್ಕನೆಯ ಸಾಲಿನಲ್ಲಿ ಮೂರು ನಾಲ್ಕು ಸಂಗತಿಗಳು ಒಟ್ಟಿಗೆ ಇವೆ, ಒಂದು ಸಾಲಿಗೆ ಒಂದೇ ಎಂದೆನಲ್ಲ ಎಂದು ಕೇಳಬಹುದು. ಇಲ್ಲಿ ಉಳಿಸಬೇಕಾಗಿರುವುದು ದೂರವೂ ಅಲ್ಲ, ತಗ್ಗೂ ಅಲ್ಲ. ‘ಆದ್ದರಿಂದ’ ಎಂಬ ಕೊಂಡಿ. ಅದನ್ನು ತರುವುದು ಏಕೆ ಕಷ್ಟ ಎಂಬ ಪ್ರಶ್ನೆಗೆ ಉತ್ತರ ಆ ಕೊಂಡಿಯಲ್ಲಿದೆ. ಕಾರಣ ಮತ್ತು ಪರಿಣಾಮಗಳನ್ನು ಎರಡು ಸಾಲಾಗಿ ಬರೆದಿಟ್ಟರೆ, ಎರಡೂ ಉಳಿದು ಅವುಗಳ ನಡುವಿನ ಸಂಬಂಧ ಮಾತ್ರ ಹೋದಾಗ ಪಟ್ಟಿ ಅದನ್ನು ಹಿಡಿಯುವುದಿಲ್ಲ.

ಪಟ್ಟಿಯನ್ನೇ ಎಣಿಸಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಮೇಲಿನ ಆರು ಸಾಲುಗಳಲ್ಲಿ ಒಟ್ಟು 48 ಪದಗಳಿವೆ. ಅದೂ ಕ್ರಿಯಾಪದಗಳನ್ನು ಅಲ್ಲಲ್ಲಿ ನುಂಗಿದ, ಟಿಪ್ಪಣಿಯಂತಿರುವ ಭಾಷೆಯಲ್ಲಿ. ಪೂರ್ಣ ವಾಕ್ಯಗಳಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಕೇಳಿದ್ದ ಮಿತಿ 40. ಅಂದರೆ ಕೆಲಸ ಶುರುವಾಗುವ ಮೊದಲೇ ಅದು ಆಗದ ಕೆಲಸ ಎಂಬುದು ಗೊತ್ತಾಯಿತು.

ಪಟ್ಟಿಯಿಲ್ಲದೆ ತೊಡಗಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. 123ರಿಂದ 70ಕ್ಕೆ, 70ರಿಂದ 50ಕ್ಕೆ ಇಳಿದು, ಉಳಿದ ಹತ್ತು ಪದಗಳಿಗಾಗಿ ಅಲ್ಲೊಂದು ‘ಸುಮಾರು’, ಇಲ್ಲೊಂದು ‘ಮುಖ್ಯವಾಗಿ’ ಕಿತ್ತುಹಾಕಿ 40ಕ್ಕೆ ತಲುಪಿಸಿ, ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಪಟ್ಟಿಯ ಲೆಕ್ಕ ಮಿತಿಯನ್ನು ಮೀರಿದಾಗ ಇರುವ ದಾರಿಗಳು ಎರಡೇ. ಒಂದು ಸಂಗತಿಯನ್ನು ಪೂರ್ತಿಯಾಗಿ ಬಿಡಬೇಕು, ಇಲ್ಲವೇ ಮಿತಿಯನ್ನು ಹೆಚ್ಚಿಸಿಕೊಳ್ಳಬೇಕು. ಎಲ್ಲ ಸಂಗತಿಗಳನ್ನೂ ಸ್ವಲ್ಪ ಸ್ವಲ್ಪ ಹಿಂಡುವುದು ಮೂರನೆಯ ದಾರಿಯಂತೆ ಕಾಣುತ್ತದೆ, ಆದರೆ ಅದರಿಂದ ಒಂದು ಸಂಗತಿ ಹೋಗುವ ಬದಲು ನಾಲ್ಕು ಸಂಗತಿಗಳು ಸುಳ್ಳಾಗುತ್ತವೆ. ಈ ತೀರ್ಮಾನ ಬರೆಯುವವರೊಬ್ಬರದೇ ಅಲ್ಲ. ಪಟ್ಟಿಯನ್ನು ಹಿಡಿದುಕೊಂಡು ಕಾರ್ಯದರ್ಶಿಯವರ ಮನೆಗೆ ಹೋದೆ. “ಮೇಡಂ, ಇದರಲ್ಲಿ ಯಾವುದನ್ನು ಬಿಡೋಣ ನೀವೇ ಹೇಳಿ” ಎಂದೆ. ಅವರು ಆರೂ ಸಾಲುಗಳನ್ನು ಓದಿ, ಹೆಸರಘಟ್ಟದ ಸಾಲಿನ ಮೇಲೆ ಬೆರಳಿಟ್ಟು ತೆಗೆದರು. “ಇಲ್ಲ ಸರ್, ಇದನ್ನು ಬಿಟ್ಟರೆ ಮೊದಲಿನಿಂದಲೂ ಕಾವೇರಿ ನೀರೇ ಬರುತ್ತಿತ್ತು ಅಂದುಕೊಳ್ಳುತ್ತಾರೆ. ಪದಗಳು 55ರವರೆಗೆ ಹೋಗಲಿ, ಫೋಟೋವನ್ನು ಚಿಕ್ಕದು ಮಾಡಿಸುತ್ತೇನೆ” ಎಂದರು. ಮೂಲ ಬರಹವನ್ನು ತೋರಿಸಿ ಕೇಳಿದ್ದರೆ ಇಷ್ಟು ಸ್ಪಷ್ಟವಾದ ಉತ್ತರ ಬರುತ್ತಿರಲಿಲ್ಲ.

ಮೊದಲು ವಾಕ್ಯಗಳು, ಆಮೇಲೆ ಪದಗಳು

ಈಗ ಕತ್ತರಿ. ಮೂಲದ ಪ್ರತಿ ವಾಕ್ಯದ ಅಂಚಿನಲ್ಲಿ, ಅದು ಪಟ್ಟಿಯ ಯಾವ ಸಾಲನ್ನು ಹೊತ್ತಿದೆಯೋ ಆ ಸಂಖ್ಯೆಯನ್ನು ಬರೆಯಿರಿ. ಸಂಖ್ಯೆ ಸಿಗದ ವಾಕ್ಯವನ್ನು ಪೂರ್ತಿಯಾಗಿ ತೆಗೆಯಿರಿ. ಈ ಸುತ್ತಿನಲ್ಲಿ ಪದಗಳನ್ನು ಮುಟ್ಟಬೇಡಿ. ಹೇಗೂ ಹೋಗಲಿರುವ ವಾಕ್ಯವನ್ನು ನಯಗೊಳಿಸುತ್ತ ಕೂರುವುದರಿಂದ ಅದರ ಮೇಲೆ ಮಮತೆ ಬೆಳೆಯುತ್ತದೆ, ಆಮೇಲೆ ತೆಗೆಯಲು ಕೈ ಬಾರದು.

ಕೆರೆ ಬಾವಿಗಳ ಎರಡು ವಾಕ್ಯ, ದಿವಾನರ ವಾಕ್ಯ, ಮಂಡಳಿಯ ವಾಕ್ಯ, ಮೂರು ಪಂಪಿಂಗ್ ಊರುಗಳ ವಾಕ್ಯ, ವಿದ್ಯುತ್ತಿನ ವಾಕ್ಯ, ಟ್ಯಾಂಕರಿನ ವಾಕ್ಯ ಹೋದವು. 50 ಪದಗಳು ಇಳಿದು 73 ಉಳಿದವು. ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ‘ಅದೂ ಸಾಲದಾದಾಗ’ ಎಂಬಲ್ಲಿನ ‘ಊ’ ಈಗ ಇಲ್ಲದ ವಾಕ್ಯವೊಂದರ ಕಡೆಗೆ, ಕೆರೆ ಬಾವಿಗಳ ನೀರು ಸಾಲದಾಯಿತು ಎಂಬ ವಾಕ್ಯದ ಕಡೆಗೆ, ಇನ್ನೂ ಕೈಚಾಚುತ್ತಿದೆ. ವಾಕ್ಯಗಳನ್ನು ತೆಗೆದ ಮೇಲೆ ಉಳಿದ ‘ಅದು’, ‘ಇದು’, ‘ಅವರು’, ‘ಈ ಹಳ್ಳಿಗಳು’ ಎಂಬುವುಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿ, ಯಾವುದನ್ನು ಕುರಿತು ಹೇಳುತ್ತಿದ್ದೀಯೆ ಎಂದು ಕೇಳಬೇಕು. ದಾಖಲೆಗಳನ್ನು ಸಂಕ್ಷೇಪಿಸುವಾಗ ಒಬ್ಬರು ಮಾಡಿದ್ದು ಇನ್ನೊಬ್ಬರ ತಲೆಗೆ ಬರುವುದು ಹೆಚ್ಚಾಗಿ ಈ ಸರ್ವನಾಮಗಳ ದೆಸೆಯಿಂದಲೇ.

ಎರಡನೆಯ ಸುತ್ತು ಪದಗಳದ್ದು. ಎರಡು ಜಲಾಶಯಗಳ ವಾಕ್ಯಗಳನ್ನು ಒಂದು ಮಾಡಿದೆ, ಸುತ್ತುಬಳಸಿನ ಕ್ರಿಯಾಪದಗಳನ್ನು ನೇರ ಮಾಡಿದೆ. ಬಂದದ್ದು ಇದು:

> ಬೆಂಗಳೂರಿನ ಹತ್ತಿರ ದೊಡ್ಡ ನದಿ ಇಲ್ಲ. 1894ರಲ್ಲಿ ಹೆಸರಘಟ್ಟದಲ್ಲಿ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಅಡ್ಡಲಾಗಿ ಜಲಾಶಯ ಕಟ್ಟಲಾಯಿತು. ಕಾವೇರಿ ನೀರು ಮೊದಲು ಬಂದದ್ದು 1974ರಲ್ಲಿ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ, ನಗರಕ್ಕಿಂತ ತಗ್ಗಿನಲ್ಲಿದೆ. ಆದ್ದರಿಂದ ನೀರನ್ನು ಪಂಪುಗಳಿಂದ ಸುಮಾರು 500 ಮೀಟರ್ ಏರಿಸಬೇಕು. 2007ರಲ್ಲಿ ನಗರಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಮುಖ್ಯವಾಗಿ ರೂಪಿಸಿದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಎಣಿಸಿದರೆ 51. ಕುಮುದ್ವತಿಯ ಹೆಸರು ಹೋಯಿತು. ಅದು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಹಿಂಬದಿಯಲ್ಲಿ ಬರೆದುಕೊಂಡೆ.

ಎಣಿಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಪದಗಳ ಸಂಖ್ಯೆ ಬಹಳ ನೆಚ್ಚಬಹುದಾದ ಅಳತೆಯಲ್ಲ. ಎರಡು ಪದಗಳನ್ನು ಸಂಧಿ ಮಾಡಿಯೋ ಸಮಾಸ ಮಾಡಿಯೋ ಅಂಟಿಸಿದರೆ ಲೆಕ್ಕ ಒಂದು ಇಳಿಯುತ್ತದೆ, ಫಲಕದ ಮೇಲೆ ಹಿಡಿಯುವ ಜಾಗ ಇಳಿಯುವುದಿಲ್ಲ, ಓದುವ ಕಷ್ಟ ಮಾತ್ರ ಹೆಚ್ಚುತ್ತದೆ. ಮಿತಿಗೆ ಒಂದೆರಡು ಪದ ಹೆಚ್ಚಾದಾಗ ಹೀಗೆ ಅಂಟಿಸುವ ಆಸೆ ಹುಟ್ಟುತ್ತದೆ. ಅಂಥ ಹೊತ್ತಿನಲ್ಲಿ ಪದಗಳನ್ನು ಬಿಟ್ಟು ಸಾಲುಗಳನ್ನು ಎಣಿಸಿ.

ನಿಲ್ಲುವುದು ಎಲ್ಲಿ

51ರಲ್ಲಿ ನಾನು ನಿಂತದ್ದು 55ರ ಮಿತಿಯೊಳಗೆ ಬಂದಿತು ಎಂಬ ಕಾರಣಕ್ಕಲ್ಲ. ಮಿತಿ ಎಂಬುದು ಮೀರಬಾರದ ಗೆರೆ ಮಾತ್ರ, ಅದನ್ನು ಮುಟ್ಟಿದ ಮಾತ್ರಕ್ಕೆ ಸಂಕ್ಷೇಪ ಮುಗಿಯುವುದಿಲ್ಲ. ಮಿತಿಯೊಳಗೆ ಬಂದ ಮೇಲೆಯೂ ಪಟ್ಟಿಗೆ ಸಂಬಂಧವಿಲ್ಲದ ವಾಕ್ಯ ಇನ್ನೂ ಉಳಿದಿರಬಹುದು, ಆಗ ಮುಂದುವರಿಯಬೇಕು. ಮಿತಿಗೆ ಬಹಳ ಮುಂಚೆಯೇ ತೆಗೆಯಬಹುದಾದದ್ದು ಮುಗಿದಿರಲೂಬಹುದು.

ನಾನು ಪ್ರತಿ ಸುತ್ತಿನ ಕೊನೆಗೆ ಮಾಡುವುದು ಇಷ್ಟು. ಸಂಕ್ಷೇಪವನ್ನು ಮಾತ್ರ ಮುಂದಿಟ್ಟುಕೊಂಡು, ಪಟ್ಟಿಯ ಒಂದೊಂದು ಸಾಲಿಗೂ ಅದನ್ನು ಹೇಳುವ ಪದಗಳ ಕೆಳಗೆ ಬೆರಳಿಟ್ಟು ತೋರಿಸುತ್ತೇನೆ. ಸಾಲು ತನ್ನ ಕೆಂಪು ಶಾಯಿಯ ಷರತ್ತಿನೊಂದಿಗೆ ಸಿಕ್ಕಿದರೆ ಪೂರ್ಣ ಗುರುತು. ಸಂಗತಿ ಸಿಕ್ಕಿ ಷರತ್ತು ಸಿಗದಿದ್ದರೆ ಅರ್ಧ ಗುರುತು. ‘ಓದಿದವರಿಗೆ ಅರ್ಥವಾಗುತ್ತದೆ ಬಿಡು’ ಎಂಬ ಮಾತು ಮನಸ್ಸಿಗೆ ಬಂದರೆ ಅದೂ ಅರ್ಧ ಗುರುತೇ. ಬೆರಳಿಡಲು ಪದ ಇರಲೇಬೇಕು. ಒಂದು ಅರ್ಧ ಗುರುತು ಬಂದರೂ ಕೊನೆಯ ಕತ್ತರಿಕೆಯನ್ನು ಹಿಂದಕ್ಕೆ ತರುತ್ತೇನೆ. ಆಮೇಲೆ ತಿರುಗಿ ನೋಡುತ್ತೇನೆ: ಪಟ್ಟಿಯ ಯಾವ ಸಾಲನ್ನೂ ಹೊರದ ಪದಗುಚ್ಛ ಇನ್ನೂ ಇದೆಯೇ? ಇಲ್ಲ ಎಂದಾದರೆ, ಮುಂದಿನ ಯಾವ ಕತ್ತರಿಕೆಯೂ ಒಂದು ಪೂರ್ಣ ಗುರುತನ್ನು ಅರ್ಧ ಮಾಡುತ್ತದೆ. ನಿಲ್ಲಬೇಕಾದ್ದು ಅಲ್ಲಿಯೇ.

ನಿಲ್ಲದೆ ಹೋದರೆ ಏನಾಗುತ್ತದೆ ಎಂದು ನೋಡಲು ಇನ್ನೊಂದು ಸುತ್ತು ಮಾಡಿದೆ. ಪದಗಳು 34ಕ್ಕೆ ಇಳಿದವು, ಮೊದಲು ಕೇಳಿದ್ದ 40ಕ್ಕಿಂತಲೂ ಕಡಿಮೆ:

> ದೊಡ್ಡ ನದಿ ಹತ್ತಿರವಿಲ್ಲದ ಬೆಂಗಳೂರು 1894ರಲ್ಲಿ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ, 1974ರಲ್ಲಿ ಕಾವೇರಿ ನೀರು ತಂದಿತು. 100 ಕಿಲೋಮೀಟರ್ ದೂರ, 500 ಮೀಟರ್ ತಗ್ಗಿನಲ್ಲಿರುವ ಕಾವೇರಿಯಿಂದ ಐದನೆಯ ಹಂತದಲ್ಲಿ 2024ರ ಅಕ್ಟೋಬರ್‌ನಿಂದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಬರುತ್ತಿದೆ.

ಓದಲು ಇದು ಮೊದಲಿನದಕ್ಕಿಂತ ನಯವಾಗಿಯೇ ಇದೆ. 2007 ಒಂದನ್ನು ಬಿಟ್ಟು ಸಂಖ್ಯೆಗಳೆಲ್ಲ ಹಾಗೆಯೇ ಇವೆ. ಸಂಖ್ಯೆಗಳು ಇದ್ದರೆ ಸಂಗತಿಗಳೂ ಇವೆ ಎಂದು ನಂಬಿದರೆ ಇದು ಯಶಸ್ವಿ ಸಂಕ್ಷೇಪ. ಈಗ ಪಟ್ಟಿಯನ್ನು ಪಕ್ಕಕ್ಕಿಡಿ.

ಪೂರ್ಣ ಗುರುತು ಸಿಗುವುದು ಮೊದಲ ಸಾಲಿಗೆ ಮಾತ್ರ. ಎರಡರಲ್ಲಿ ಅರ್ಕಾವತಿ ಇಲ್ಲ. ಮೂರರಲ್ಲಿ ‘ಮೊದಲು’ ಎಂಬುದಕ್ಕೆ ಬೆರಳಿಡಲು ಪದವಿಲ್ಲ. ಐದರಲ್ಲಿ 2007ರೊಂದಿಗೆ ‘ಮುಖ್ಯವಾಗಿ’ ಎಂಬುದೂ ಹೋಗಿ, ಆ ನೀರು 110 ಹಳ್ಳಿಗಳಿಗೆ ಮಾತ್ರ ಎಂಬಂತಾಗಿದೆ. ಆರರಲ್ಲಿ ಸಾಮರ್ಥ್ಯ ಎಂಬುದು ‘ಬರುತ್ತಿದೆ’ ಆಗಿದೆ. ಯೋಜನೆಯೊಂದು ಎಷ್ಟು ತರಬಲ್ಲದು ಎಂಬುದು ಬೇರೆ, ಇಂದು ಎಷ್ಟು ತರುತ್ತಿದೆ ಎಂಬುದು ಬೇರೆ. ಎರಡನೆಯದನ್ನು ಮೂಲ ಹೇಳಿಯೇ ಇಲ್ಲ.

ನಾಲ್ಕನೆಯದು ಇನ್ನೂ ಸೂಕ್ಷ್ಮ. ಮೂಲದಲ್ಲಿ 500 ಮೀಟರ್ ಎಂಬುದು ಪಂಪುಗಳು ಮಾಡುವ ಕೆಲಸದ ಲೆಕ್ಕ. ನಾನು ಅದನ್ನು ನದಿ ಎಷ್ಟು ತಗ್ಗಿನಲ್ಲಿದೆ ಎಂಬ ಲೆಕ್ಕವಾಗಿ ಬದಲಾಯಿಸಿಬಿಟ್ಟೆ. ಇವೆರಡೂ ಒಂದೇ ಆಗಿರಬೇಕಿಲ್ಲ. ಉದ್ದದ ಕೊಳವೆಯೊಳಗಿನ ಘರ್ಷಣೆಯನ್ನು ಮೀರಲು, ದಾರಿಯ ಏರುಗಳನ್ನು ದಾಟಲು ಪಂಪುಗಳಿಗೆ ಹೆಚ್ಚಿನ ಕೆಲಸವಿರುತ್ತದೆ. ‘ತಗ್ಗಿನಲ್ಲಿದೆ’ ಎಂಬ ಪದವೂ ‘500 ಮೀಟರ್’ ಎಂಬ ಪದಗಳೂ ಮೂಲದಲ್ಲಿ ಅಕ್ಕಪಕ್ಕದಲ್ಲಿದ್ದವು. ನಡುವಿನದ್ದನ್ನು ತೆಗೆದಾಗ ಒಂದಕ್ಕೊಂದು ಅಂಟಿಕೊಂಡವು. ಯಾವ ಪದವೂ ನನ್ನದಲ್ಲ, ತಪ್ಪು ಮಾತ್ರ ನನ್ನದು.

ಕನ್ನಡದಲ್ಲಿ ಬರೆಯುವವರು ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. ‘ಕಟ್ಟಿ… ತಂದಿತು’ ಎಂದು ವಾಕ್ಯಗಳನ್ನು ಹೆಣೆದಾಗ ಎರಡು ಕೆಲಸಗಳಿಗೂ ಒಬ್ಬನೇ ಕರ್ತೃ ಬರುತ್ತಾನೆ, ಒಂದರ ಹಿಂದೆ ಒಂದು ನಡೆದಂತೆಯೂ ಆಗುತ್ತದೆ. ಮೈಸೂರು ಸಂಸ್ಥಾನದ ಕಾಲದ ಹೆಸರಘಟ್ಟವನ್ನೂ 1974ರ ಕಾವೇರಿಯನ್ನೂ ಇಲ್ಲಿ ಒಂದೇ ‘ಬೆಂಗಳೂರು’ ಮಾಡಿಬಿಟ್ಟಿದೆ. ಮಾಡಿ, ಹೋಗಿ, ಕಟ್ಟಿ ಎಂಬ ರೂಪಗಳು ಸಂಕ್ಷೇಪಕ್ಕೆ ಬಹಳ ಅನುಕೂಲ. ಆದರೆ ಎರಡು ವಾಕ್ಯಗಳ ಕರ್ತೃ ಒಬ್ಬನೇ ಎಂದು ಖಚಿತವಾಗಿದ್ದರೆ ಮಾತ್ರ ಅವನ್ನು ಹೀಗೆ ಹೆಣೆಯಬೇಕು.

51ಕ್ಕೆ ಹಿಂದಿರುಗಿದೆ. ಮಿತಿಯೊಳಗೆ ಇನ್ನೂ ನಾಲ್ಕು ಪದಗಳ ಜಾಗವಿತ್ತು. ಅದನ್ನು ತುಂಬಲು ಏನನ್ನೂ ಸೇರಿಸಲಿಲ್ಲ.

ಮೂಲವನ್ನು ಓದದವರ ಕೈಯಲ್ಲಿ

ಗುರುತು ಹಾಕುವಾಗಲೂ ಮೊದಲು ಹೇಳಿದ ತೊಂದರೆ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಮೂಲವನ್ನು ಓದಿದ ಕಣ್ಣೇ ಗುರುತನ್ನೂ ಹಾಕುತ್ತಿರುತ್ತದೆ. ಆದ್ದರಿಂದ ಪಟ್ಟಿಯ ಸಾಲುಗಳನ್ನು ಪ್ರಶ್ನೆಗಳಾಗಿ ತಿರುಗಿಸಿ, ಮೂಲವನ್ನು ನೋಡದ ಒಬ್ಬರಿಗೆ ಸಂಕ್ಷೇಪವನ್ನು ಕೊಟ್ಟು ಕೇಳಿ. ಎದುರು ಮನೆಯ ಎಂಟನೆಯ ತರಗತಿಯ ಹುಡುಗಿಗೆ ಮೊದಲು 34 ಪದಗಳದ್ದನ್ನು ಕೊಟ್ಟೆ. “ಈಗ ಐದನೆಯ ಹಂತದಿಂದ ದಿನಕ್ಕೆ ಎಷ್ಟು ನೀರು ಬರುತ್ತಿದೆ?” ಎಂದು ಕೇಳಿದೆ. “77.5 ಕೋಟಿ ಲೀಟರ್, ಅಂಕಲ್” ಎಂದಳು. 51 ಪದಗಳದ್ದನ್ನು ಕೊಟ್ಟು ಅದನ್ನೇ ಕೇಳಿದಾಗ ಅವಳು ಎರಡು ಬಾರಿ ಓದಿ, “ಇದರಲ್ಲಿ ಸಾಮರ್ಥ್ಯ ಅಂತ ಇದೆ, ಬರುತ್ತಿರುವುದು ಎಷ್ಟು ಅಂತ ಇಲ್ಲವಲ್ಲ” ಎಂದಳು. ಸರಿಯಾದ ಉತ್ತರ ಅದೇ. ‘ಇದರಲ್ಲಿ ಹೇಳಿಲ್ಲ’ ಎಂಬುದೇ ಸರಿಯುತ್ತರವಾಗುವ ಒಂದಾದರೂ ಪ್ರಶ್ನೆ ನಿಮ್ಮ ಪ್ರಶ್ನೆಗಳಲ್ಲಿ ಇರಲಿ. ಸಂಕ್ಷೇಪ ತಾನು ಹೇಳಬಾರದ್ದನ್ನು ಹೇಳುತ್ತಿದೆಯೇ ಎಂಬುದು ಅದರಿಂದ ಮಾತ್ರ ಹೊರಬೀಳುತ್ತದೆ.

ಕೆಲಸದ ನಡುವೆ ಪಟ್ಟಿಯನ್ನು ತಿದ್ದಬಹುದೇ ಎಂದರೆ, ಮೂಲವನ್ನು ಮತ್ತೆ ಓದಿ ಹೊಸ ಕಾರಣ ಕಂಡಿದ್ದರೆ ತಿದ್ದಬಹುದು. ಆ ಕಾರಣವನ್ನು ಸಾಲಿನ ಪಕ್ಕದಲ್ಲಿ ಬರೆಯಬೇಕು. ಒಂದು ಕತ್ತರಿಕೆ ಚೆನ್ನಾಗಿ ಕೂತಿತು, ಪಟ್ಟಿಯ ಸಾಲು ಅದಕ್ಕೆ ಅಡ್ಡ ಬರುತ್ತಿದೆ ಎಂಬ ಕಾರಣಕ್ಕೆ ತಿದ್ದಬಾರದು.

ಎಲ್ಲ ಬರಹಗಳಿಗೂ ಈ ವಿಧಾನ ಹೊಂದುವುದಿಲ್ಲ. ಕತೆಯನ್ನೋ ವೈಯಕ್ತಿಕ ಪತ್ರವನ್ನೋ ಹೀಗೆ ಇಳಿಸಿದರೆ ಸಂಗತಿಗಳು ಉಳಿದು ದನಿ ಸತ್ತುಹೋಗುತ್ತದೆ. ಬಾಡಿಗೆ ಕರಾರು, ವಿಮೆ, ಸಾಲಪತ್ರಗಳಂಥವುಗಳಲ್ಲಿ ಬಹುಪಾಲು ವಾಕ್ಯಗಳು ಷರತ್ತುಗಳೇ. ಪಟ್ಟಿ ಮಾಡಲು ಹೊರಟರೆ ಮೂಲದಷ್ಟೇ ಉದ್ದವಾಗುತ್ತದೆ. ಹಾಗಾದಾಗ ಅದನ್ನು ಸಂಕ್ಷೇಪಿಸದೆ, ಮೂಲವನ್ನೇ ಲಗತ್ತಿಸಿ ಯಾವ ಪುಟ ನೋಡಬೇಕೆಂದು ಬರೆಯುವುದು ಸರಿ.

ಅಚ್ಚಿಗೆ ಹೋಗುವ ಮುನ್ನ

ಪಟ್ಟಿಯ ಕೆಲಸ ನಾನು ನಿಲ್ಲಿಸಿದ ಕಡೆಗೆ ಮುಗಿಯಲಿಲ್ಲ. ಫಲಕ ಮುದ್ರಿಸುವ ಅಂಗಡಿಯಿಂದ ಕರಡು ಮೊಬೈಲಿಗೆ ಬಂದಾಗ ಆರು ಸಾಲುಗಳನ್ನೂ ಮತ್ತೆ ಹಿಡಿದು ಬೆರಳಿಟ್ಟು ನೋಡಿದೆ. ನಾಲ್ಕನೆಯದರಲ್ಲಿ ಬೆರಳು ನಿಂತಿತು. 500ರ ಹಿಂದಿನ ‘ಸುಮಾರು’ ಇರಲಿಲ್ಲ. ಫೋನ್ ಮಾಡಿ ಕೇಳಿದಾಗ, ಆ ಸಾಲು ಒಂದೇ ಪದದಷ್ಟು ಹೊರಗೆ ಚಾಚುತ್ತಿತ್ತು, ಮೇಲೆ ಒಂದು ‘ಸುಮಾರು’ ಹೇಗೂ ಇದೆಯಲ್ಲ ಎಂದು ವಿನ್ಯಾಸ ಮಾಡುವ ಹುಡುಗ ಹೇಳಿದ. ಮೇಲಿನದು ಕಿಲೋಮೀಟರಿನದು, ಇದು ಮೀಟರಿನದು ಎಂದು ವಿವರಿಸಿ, ಅಕ್ಷರದ ಗಾತ್ರವನ್ನು ಸ್ವಲ್ಪ ಇಳಿಸಲು ಹೇಳಿದೆ. ಎರಡನೆಯ ಕರಡಿನಲ್ಲಿ ಆರಕ್ಕೆ ಆರೂ ಸಿಕ್ಕವು. ಪಟ್ಟಿಯನ್ನು ದಿನಾಂಕ ಹಾಕಿ ಫಲಕದ ಕಡತದಲ್ಲಿಯೇ ಇಟ್ಟಿದ್ದೇನೆ. ಮುಂದೆ ಇನ್ನೊಂದು ಹಂತ ಬಂದು ಫಲಕ ಬದಲಾಗಬೇಕಾದಾಗ, ಅದನ್ನು ಬರೆಯುವವರು ಐದು ಮತ್ತು ಆರನೆಯ ಸಾಲುಗಳಿಂದ ತೊಡಗಬಹುದು.